ಬೆಳಗಿನ ಗ್ಯಾಪಿಗೆ ಎದುರು ನಿಲ್ಲುವ ಲೆಕ್ಕಾಚಾರ

ಷೇರುಪೇಟೆಯಲ್ಲಿ ಗ್ಯಾಪ್ ಎಂದರೆ ನಿನ್ನೆಯ ಮುಕ್ತಾಯ ಬೆಲೆಗೂ ಇವತ್ತಿನ ಮೊದಲ ಬೆಲೆಗೂ ನಡುವೆ ಉಳಿದ ಅಂತರ. ಪೇಟೆ ಮುಚ್ಚಿದ್ದ ಹೊತ್ತಿನಲ್ಲಿ ಸುದ್ದಿ ಬಂದಿರುತ್ತದೆ, ಅಮೆರಿಕದ ಪೇಟೆ ಏರಿರುತ್ತದೆ ಇಲ್ಲವೇ ಇಳಿದಿರುತ್ತದೆ, ಬೆಳಿಗ್ಗೆ ಗಿಫ್ಟ್ ನಿಫ್ಟಿ ಒಂದು ದಿಕ್ಕು ತೋರಿಸಿರುತ್ತದೆ. ಇವೆಲ್ಲ ಒಟ್ಟಾಗಿ ಷೇರನ್ನು ನಿನ್ನೆಯ ಬೆಲೆಯಿಂದ ಎತ್ತಿಯೋ ಇಳಿಸಿಯೋ ಬೇರೆ ಕಡೆ ನಿಲ್ಲಿಸುತ್ತವೆ. ಮೇಲೆ ತೆರೆದರೆ ಗ್ಯಾಪ್ ಅಪ್, ಕೆಳಗೆ ತೆರೆದರೆ ಗ್ಯಾಪ್ ಡೌನ್. ಈ ನೆಗೆತ ಅತಿಯಾಯಿತು, ಬೆಲೆ ನಿನ್ನೆಯ ಮಟ್ಟದತ್ತ ಮರಳುತ್ತದೆ ಎಂಬ ಲೆಕ್ಕದ ಮೇಲೆ, ಗ್ಯಾಪ್ ಅಪ್ ಆದಾಗ ಮಾರಿ, ಗ್ಯಾಪ್ ಡೌನ್ ಆದಾಗ ಕೊಂಡು, ಅದೇ ದಿನ ವ್ಯವಹಾರ ಮುಗಿಸುವ ಪದ್ಧತಿಗೆ ಗ್ಯಾಪ್ ಫೇಡ್ ಎನ್ನುತ್ತಾರೆ. ನಿನ್ನೆಯ ಮುಕ್ತಾಯ ಬೆಲೆಯನ್ನು ಮುಟ್ಟಿದರೆ ಗ್ಯಾಪ್ ತುಂಬಿತು ಎಂದು ಹೇಳುವುದು ರೂಢಿ.

ದೊಡ್ಡ ಕಂಪನಿಗಳ ಷೇರುಗಳಲ್ಲಿ ಇದು ಸಾಧ್ಯವಾಗುವುದಕ್ಕೆ ಕಾರಣ ಬೆಳಗಿನ ಮೊದಲ ಬೆಲೆ ಹುಟ್ಟುವ ಬಗೆಯಲ್ಲೇ ಇದೆ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ (ಎನ್‌ಎಸ್‌ಇ) 2010ರ ಅಕ್ಟೋಬರ್‌ನಿಂದ ಪ್ರೀ-ಓಪನ್ ಅವಧಿ ಜಾರಿಯಲ್ಲಿದೆ. 9 ಗಂಟೆಯಿಂದ ಸುಮಾರು 9:08ರವರೆಗೆ ಆರ್ಡರ್‌ಗಳನ್ನು ತೆಗೆದುಕೊಳ್ಳುತ್ತಾರೆ. ಆಮೇಲೆ, ಯಾವ ಬೆಲೆಗೆ ಅತಿ ಹೆಚ್ಚು ಷೇರುಗಳು ಕೈ ಬದಲಾಗಬಲ್ಲವೋ ಅದನ್ನು ಆರಂಭ ಬೆಲೆಯೆಂದು ಗೊತ್ತುಮಾಡುತ್ತಾರೆ. ಸಾಮಾನ್ಯ ವಹಿವಾಟು ಶುರುವಾಗುವುದು 9:15ಕ್ಕೆ. ಈ ಕೆಲವು ನಿಮಿಷಗಳಲ್ಲಿ ಬರುವ ಆರ್ಡರ್‌ಗಳ ಮೊತ್ತ ಇಡೀ ದಿನದ ವಹಿವಾಟಿನಲ್ಲಿ ಒಂದು ಸಣ್ಣ ಪಾಲು. ಮ್ಯೂಚುವಲ್ ಫಂಡ್, ವಿಮಾ ಕಂಪನಿ, ವಿದೇಶಿ ನಿಧಿಗಳ ದೊಡ್ಡ ಆರ್ಡರ್‌ಗಳು ಸಾಮಾನ್ಯವಾಗಿ ತುಂಡುತುಂಡಾಗಿ ದಿನವಿಡೀ ಹರಡಿಕೊಳ್ಳುತ್ತವೆ. ರಾತ್ರಿ ಸುದ್ದಿ ಕೇಳಿ ಬೆಳಿಗ್ಗೆ ಅವಸರದಲ್ಲಿ ಕೊಂಡವರ ಒತ್ತಡದಿಂದ ಏರಿದ ಬೆಲೆಗೆ, ದೊಡ್ಡ ಮಾರಾಟಗಾರರು ಬಂದು ನಿಂತಾಗ ಆಸರೆ ಸಿಗದೆ ಹೋಗಬಹುದು. ಇನ್ಫೊಸಿಸ್, ಎಚ್‌ಡಿಎಫ್‌ಸಿ ಬ್ಯಾಂಕ್, ರಿಲಯನ್ಸ್‌ನಂಥ ಷೇರುಗಳಲ್ಲಿ ಕೊಳ್ಳುವವರೂ ಮಾರುವವರೂ ಸದಾ ಇರುವುದರಿಂದ ಈ ಹಿಂದಿರುಗುವಿಕೆ ಸುಗಮವಾಗಿ ನಡೆಯುತ್ತದೆ, ಸಣ್ಣ ವ್ಯಾಪಾರಿಗೆ ತನಗೆ ಬೇಕಾದ ಬೆಲೆಯ ಆಸುಪಾಸಿನಲ್ಲೇ ಒಳಹೊಕ್ಕು ಹೊರಬರಲು ಸಾಧ್ಯವಾಗುತ್ತದೆ. ಸಣ್ಣ ಕಂಪನಿಯ ಷೇರು ಮೇಲಿನ ಸರ್ಕ್ಯೂಟಿಗೆ ಸಿಕ್ಕಿಬಿದ್ದರೆ, ಶಾರ್ಟ್ ಮಾಡಿದವನಿಗೆ ವಾಪಸು ಕೊಳ್ಳಲು ಮಾರುವವರೇ ಸಿಗುವುದಿಲ್ಲ. ಆದ್ದರಿಂದ ಇಲ್ಲಿನ ನಿಯಮಗಳು ದೊಡ್ಡ ಷೇರುಗಳಿಗೆ ಮಾತ್ರ ಹೊಂದುತ್ತವೆ.

ಮೊದಲು ಗ್ಯಾಪನ್ನು ಸರಿಯಾಗಿ ಅಳೆಯಬೇಕು. ಬಹಳ ಜನ ಎಡವುವುದು ಇಲ್ಲೇ. ಎನ್‌ಎಸ್‌ಇಯಲ್ಲಿ ಹಲವು ವರ್ಷಗಳಿಂದ ನಡೆದುಬಂದ ಕ್ರಮದಂತೆ, ಅಧಿಕೃತ ಮುಕ್ತಾಯ ಬೆಲೆ ಎಂದರೆ ಕೊನೆಯ ವಹಿವಾಟಿನ ಬೆಲೆಯಲ್ಲ, 3 ಗಂಟೆಯಿಂದ 3:30ರವರೆಗಿನ ವಹಿವಾಟುಗಳ ತೂಕದ ಸರಾಸರಿ. ಷೇರು ಕೊನೆಯ ಹತ್ತು ನಿಮಿಷದಲ್ಲಿ ಏರಿ 1,506 ರೂಪಾಯಿಗೆ ನಿಂತಿದ್ದರೂ ಅಧಿಕೃತ ಮುಕ್ತಾಯ 1,500 ಎಂದಿರಬಹುದು. ಮರುದಿನ 1,512ಕ್ಕೆ ತೆರೆದಾಗ ಪರದೆ 12 ರೂಪಾಯಿಯ ಏರಿಕೆ ತೋರಿಸುತ್ತದೆ. ಅದರಲ್ಲಿ ಅರ್ಧ ನಿನ್ನೆಯೇ ನಡೆದುಹೋದ ವಹಿವಾಟು, ರಾತ್ರಿ ಹುಟ್ಟಿದ ಗ್ಯಾಪ್ 6 ರೂಪಾಯಿ ಮಾತ್ರ. ಎರಡು ಬೆಲೆಗಳ ನಡುವೆ ಹೀಗೆ ಎದ್ದುಕಾಣುವ ವ್ಯತ್ಯಾಸ ಇದ್ದಾಗ, ಗ್ಯಾಪ್ ಯಾವುದರಿಂದ ಲೆಕ್ಕಹಾಕಿದರೆ ಚಿಕ್ಕದಾಗುತ್ತದೋ ಅದನ್ನೇ ಹಿಡಿಯುವುದು ಕ್ಷೇಮ. ಡಿವಿಡೆಂಡ್ ಕೂಡ ಇಂಥದೇ ಮೋಸ ಮಾಡುತ್ತದೆ. ಸಾಮಾನ್ಯ ಡಿವಿಡೆಂಡಿನ ಎಕ್ಸ್-ದಿನಾಂಕದಂದು ಷೇರು ಆ ಮೊತ್ತದಷ್ಟು ಕೆಳಗೆ ತೆರೆಯುವುದು ಸಹಜ. ಅದು ಭಯದಿಂದ ಆದ ಇಳಿಕೆಯಲ್ಲ, ಮರಳಿ ತುಂಬಬೇಕೆಂಬ ಒತ್ತಡವೂ ಅದರಲ್ಲಿಲ್ಲ.

ಅಳತೆಗೋಲಾಗಿ ಶೇಕಡಾವಾರು ಲೆಕ್ಕ ಸಾಲದು. ದಿನಕ್ಕೆ ಶೇ 1ರಷ್ಟು ಅಲುಗಾಡುವ ಷೇರಿಗೂ ಶೇ 3ರಷ್ಟು ಅಲುಗಾಡುವ ಷೇರಿಗೂ ಒಂದೂವರೆ ಶೇಕಡಾ ಗ್ಯಾಪ್ ಒಂದೇ ಆಗಲಾರದು. ಇದಕ್ಕೆ ಎಟಿಆರ್ ಎಂಬ ಅಳತೆ ಇದೆ. ವೆಲ್ಸ್ ವೈಲ್ಡರ್ 1978ರಲ್ಲಿ ತಮ್ಮ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಅದು: ಕಳೆದ 14 ದಿನಗಳಲ್ಲಿ ಷೇರು, ಗ್ಯಾಪನ್ನೂ ಸೇರಿಸಿಕೊಂಡು, ದಿನಕ್ಕೆ ಸರಾಸರಿ ಎಷ್ಟು ರೂಪಾಯಿ ಓಡಾಡಿದೆ ಎಂಬ ಸಂಖ್ಯೆ. ಎಲ್ಲ ಬ್ರೋಕರ್‌ಗಳ ಚಾರ್ಟ್‌ನಲ್ಲೂ ಇದು ಸಿಗುತ್ತದೆ. ಎಟಿಆರ್ 30 ರೂಪಾಯಿ ಇರುವ ಷೇರು 18 ರೂಪಾಯಿ ಮೇಲೆ ತೆರೆದರೆ, ಅದು ಒಂದು ದಿನದ ಓಡಾಟದ 0.6 ಪಾಲನ್ನು ಬೆಳಗಾಗುವ ಮೊದಲೇ ಮುಗಿಸಿದೆ ಎಂದರ್ಥ.

ಇಲ್ಲಿ ಬಳಸುವ ಮೊದಲ ನಿಯಮ, ಗ್ಯಾಪ್ ಎಟಿಆರ್‌ನ 0.4ರಿಂದ 0.8ರೊಳಗೆ ಇರಬೇಕು. ಈ ಗಡಿಗಳು ಪ್ರಕೃತಿ ನಿಯಮವೇನಲ್ಲ, ಆದರೆ ಎರಡಕ್ಕೂ ಕಾರಣಗಳಿವೆ. ಮೇಲಿನ ಗಡಿ ಸುದ್ದಿಯ ತೂಕಕ್ಕೆ ಸಂಬಂಧಿಸಿದ್ದು. ಒಂದು ಇಡೀ ದಿನದ ಓಡಾಟಕ್ಕೆ ಸಮನಾದ ಗ್ಯಾಪ್ ಬರೀ ಅವಸರದಿಂದ ಹುಟ್ಟುವುದು ಅಪರೂಪ. ಅದರ ಹಿಂದೆ ಕಂಪನಿಯ ಮೌಲ್ಯವನ್ನೇ ಬದಲಿಸುವ ಸಂಗತಿ ಇರುತ್ತದೆ. ಕೆಳಗಿನ ಗಡಿ ಶುದ್ಧ ಲೆಕ್ಕದ ಮಾತು, ಅದು ಮುಂದಿನ ಉದಾಹರಣೆಯಲ್ಲಿ ಗೊತ್ತಾಗುತ್ತದೆ. ಇದರ ಜೊತೆಗೆ ಆರಂಭ ಬೆಲೆ ನಿನ್ನೆಯ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ಒಳಗೇ ಇದ್ದರೆ ಒಳ್ಳೆಯದು. ನಿನ್ನೆ ಆ ಬೆಲೆಗೆ ವಹಿವಾಟು ಮಾಡಿದವರು ಇದ್ದಾರೆ, ಹಾಗಾಗಿ ಪೇಟೆಗೆ ಅದು ಹೊಸ ಜಾಗವಲ್ಲ. ನಿನ್ನೆಯ ಗರಿಷ್ಠವನ್ನು ದಾಟಿ ತೆರೆದರೆ, ನಿನ್ನೆ ಕೊಂಡವರೆಲ್ಲ ಲಾಭದಲ್ಲಿರುತ್ತಾರೆ, ಶಾರ್ಟ್ ಮಾಡಿ ಹಿಡಿದುಕೊಂಡವರೆಲ್ಲ ನಷ್ಟದಲ್ಲಿದ್ದು ವಾಪಸು ಕೊಳ್ಳಲು ಧಾವಿಸುತ್ತಾರೆ. ಆ ಓಟಕ್ಕೆ ಎದುರು ನಿಲ್ಲುವುದು ಜಾಣತನವಲ್ಲ.

ಎರಡನೆಯ ನಿಯಮಕ್ಕೆ ವಿನಾಯಿತಿ ಬೇಡ. ತ್ರೈಮಾಸಿಕ ಫಲಿತಾಂಶ, ಆದಾಯದ ಮುನ್ನೋಟ, ವಿಲೀನ, ನಿಯಂತ್ರಕರ ಆದೇಶ, ದೊಡ್ಡ ಬ್ಲಾಕ್ ಡೀಲ್ ಇವುಗಳಿಂದ ಹುಟ್ಟಿದ ಗ್ಯಾಪನ್ನು ಬಿಟ್ಟುಬಿಡಬೇಕು. ಬೆಂಗಳೂರಿನ ಇನ್ಫೊಸಿಸ್‌ನ 2023ರ ಏಪ್ರಿಲ್ ಪ್ರಸಂಗ ಇದಕ್ಕೆ ಸ್ಪಷ್ಟ ಉದಾಹರಣೆ. ಏಪ್ರಿಲ್ 13ರಂದು ಪೇಟೆ ಮುಚ್ಚಿದ ಮೇಲೆ ಕಂಪನಿ ಫಲಿತಾಂಶ ಪ್ರಕಟಿಸಿ, ಮುಂದಿನ ಹಣಕಾಸು ವರ್ಷಕ್ಕೆ ಶೇ 4ರಿಂದ 7ರಷ್ಟು ಬೆಳವಣಿಗೆಯ ಮುನ್ನೋಟ ಕೊಟ್ಟಿತು. ಪೇಟೆ ಇದಕ್ಕಿಂತ ಹೆಚ್ಚಿನದನ್ನು ಎದುರುನೋಡುತ್ತಿತ್ತು. ಮರುದಿನ ಅಂಬೇಡ್ಕರ್ ಜಯಂತಿ, ಆಮೇಲೆ ಶನಿವಾರ, ಭಾನುವಾರ. ಸೋಮವಾರ ಏಪ್ರಿಲ್ 17ರಂದು ಷೇರು ಹತ್ತಿರ ಹತ್ತಿರ ಶೇ 10 ಕೆಳಗೆ ತೆರೆಯಿತು. ‘ಇನ್ನೆಷ್ಟು ಬಿದ್ದೀತು’ ಎಂದು ಆ ಬೆಲೆಗೆ ಕೊಂಡವರ ಕಣ್ಣೆದುರೇ ಅದು ಸುಮಾರು ಶೇ 15ರ ಕುಸಿತದವರೆಗೆ ಹೋಗಿ, ಕೊನೆಗೆ ಶೇ 9ಕ್ಕಿಂತ ಹೆಚ್ಚಿನ ನಷ್ಟದಲ್ಲಿ ಮುಗಿಯಿತು. ಆ ಗ್ಯಾಪ್ ತುಂಬಲು ಜುಲೈವರೆಗೆ ಕಾಯಬೇಕಾಯಿತು. ‘ಎಲ್ಲ ಗ್ಯಾಪೂ ಒಂದಲ್ಲ ಒಂದು ದಿನ ತುಂಬುತ್ತದೆ’ ಎಂಬ ಪೇಟೆಯ ನಂಬಿಕೆ ಇಲ್ಲಿ ನಿಜವೇ ಆಯಿತು, ಆದರೆ ಸಂಜೆಯೊಳಗೆ ವ್ಯವಹಾರ ಮುಗಿಸಬೇಕಾದವನಿಗೆ ಅದರಿಂದ ಕಾಸಿನ ಉಪಯೋಗವೂ ಆಗಲಿಲ್ಲ. 2024ರ ಜನವರಿ 17ರಂದು ಎಚ್‌ಡಿಎಫ್‌ಸಿ ಬ್ಯಾಂಕ್ ಷೇರಿನದೂ ಇಂಥದೇ ಕಥೆ. ಹಿಂದಿನ ಸಂಜೆಯ ಫಲಿತಾಂಶದ ನಂತರ ಗ್ಯಾಪ್ ಡೌನ್ ಆಗಿ ತೆರೆದ ಷೇರು ದಿನದ ಕೊನೆಗೆ ಶೇ 8ಕ್ಕೂ ಹೆಚ್ಚು ಇಳಿದಿತ್ತು, ಮರುದಿನವೂ ಇಳಿಯಿತು.

ಹಾಗಾದರೆ ಯಾವ ಗ್ಯಾಪ್ ಆದೀತು? ಕಂಪನಿಯ ಸ್ವಂತ ಸುದ್ದಿ ಏನೂ ಇಲ್ಲದೆ, ಅಮೆರಿಕದ ಪೇಟೆ ರಾತ್ರಿ ಏರಿದ್ದರಿಂದ ಇಲ್ಲಿಯೂ ಏರಿದ್ದು; ನ್ಯೂಯಾರ್ಕ್‌ನಲ್ಲಿ ವಹಿವಾಟಾಗುವ ಅದೇ ಕಂಪನಿಯ ಎಡಿಆರ್ ಏರಿತೆಂದು ಏರಿದ್ದು; ಯಾವುದೋ ಬ್ರೋಕರೇಜ್ ಸಂಸ್ಥೆ ಗುರಿ ಬೆಲೆಯನ್ನು ತುಸು ಹೆಚ್ಚಿಸಿತೆಂದು ಏರಿದ್ದು. ಎಕ್ಸ್‌ಚೇಂಜ್‌ನ ಜಾಲತಾಣದಲ್ಲಿ ಕಂಪನಿಗಳ ಪ್ರಕಟಣೆಗಳ ಪುಟವನ್ನು ಬೆಳಿಗ್ಗೆ 9ರೊಳಗೆ ನೋಡಿದರೆ ಇದು ಗೊತ್ತಾಗುತ್ತದೆ. ಕಾರಣ ಹುಡುಕಿಯೂ ಸಿಗದಿದ್ದಾಗ ‘ಕಾರಣ ಇಲ್ಲ’ ಎಂದುಕೊಳ್ಳುವುದು ಸರಿಯಲ್ಲ. ಅದೇ ವಲಯದ ಉಳಿದ ಷೇರುಗಳು ಸುಮ್ಮನಿದ್ದು ಒಂದೇ ಷೇರು ನೆಗೆದಿದ್ದರೆ, ಇನ್ನೂ ಸಾರ್ವಜನಿಕವಾಗದ ಸುದ್ದಿ ಯಾರಿಗೋ ಗೊತ್ತಿದೆ ಎಂಬ ಅನುಮಾನ ಇರಲೇಬೇಕು.

ಇನ್ನು ಖಾತ್ರಿಯ ಮಾತು. 9:15ಕ್ಕೆ ಪೇಟೆ ತೆರೆಯುತ್ತಿದ್ದಂತೆ ಎದುರು ದಿಕ್ಕಿನಲ್ಲಿ ಧುಮುಕುವುದು ಊಹೆಯ ಮೇಲಿನ ಪಂದ್ಯ. ನೆಗೆತ ನಿಂತಿದೆ, ಬೆಲೆ ತಿರುಗಿದೆ ಎಂಬುದನ್ನು ಪೇಟೆಯೇ ತೋರಿಸಿಕೊಡುವವರೆಗೆ ಕಾಯಬೇಕು. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ. ಮೊದಲ 15 ನಿಮಿಷ ಏನೂ ಮಾಡದೆ, ಆ ಅವಧಿಯ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಗುರುತು ಹಾಕಿಕೊಳ್ಳಬೇಕು. ಗ್ಯಾಪ್ ಅಪ್ ಆದ ಷೇರಿನ ಐದು ನಿಮಿಷದ ಕ್ಯಾಂಡಲ್ ಒಂದು ಆ ಕನಿಷ್ಠದ ಕೆಳಗೆ ಮುಕ್ತಾಯವಾಗಬೇಕು. ಕ್ಯಾಂಡಲ್ ನಡುವೆ ಒಮ್ಮೆ ಇಣುಕಿ ಮೇಲಕ್ಕೆ ಬಂದದ್ದು ಲೆಕ್ಕಕ್ಕಿಲ್ಲ. ಜೊತೆಗೆ ಬೆಲೆ ವಿ-ವ್ಯಾಪ್ ಗೆರೆಯ ಕೆಳಗಿರಬೇಕು. ವಿ-ವ್ಯಾಪ್ ಎಂದರೆ ಆ ದಿನ ಅಲ್ಲಿಯವರೆಗೆ ನಡೆದ ಎಲ್ಲ ವಹಿವಾಟುಗಳ ತೂಕದ ಸರಾಸರಿ ಬೆಲೆ. ಷೇರು ಅದಕ್ಕಿಂತ ಕೆಳಗೆ ಬಂತೆಂದರೆ ಬೆಳಿಗ್ಗೆ ಕೊಂಡವರು ಸರಾಸರಿಯಲ್ಲಿ ನಷ್ಟಕ್ಕೆ ಬಿದ್ದಿದ್ದಾರೆ ಎಂದರ್ಥ. ಬೆಲೆ ಸ್ವಲ್ಪ ಏರಿದರೂ ಅವರು ಬಂದ ಬೆಲೆಗೆ ಮಾರಿ ಹೊರಹೋಗಲು ಕಾಯುತ್ತಿರುತ್ತಾರೆ. ನಿಫ್ಟಿ ಮತ್ತು ಆಯಾ ವಲಯದ ಸೂಚ್ಯಂಕ ಆಗ ಬಿರುಸಾಗಿ ಏರುತ್ತಿರಬಾರದು ಎಂಬುದು ಇದಕ್ಕೆ ಸೇರಿದ ಇನ್ನೊಂದು ಶರತ್ತು.

ಮೂರು ನಿಯಮಗಳೂ ಒಂದನ್ನೊಂದು ಎಳೆದಾಡುವುದು ಇಲ್ಲಿಂದಲೇ. ಖಾತ್ರಿಗಾಗಿ ಕಾದಷ್ಟೂ ಗ್ಯಾಪ್ ಕರಗುತ್ತದೆ, ಸಿಗಬಹುದಾದ ಲಾಭ ಕಡಿಮೆಯಾಗುತ್ತದೆ, ಸ್ಟಾಪ್‌ಲಾಸ್ ಮಾತ್ರ ದೂರವಾಗುತ್ತದೆ. ಬೇರೆ ಬೇರೆಯಾಗಿ ನೋಡಿದರೆ ಮೂರೂ ಸರಿಯಾಗಿ ಕಾಣುವ ನಿಯಮಗಳು, ಒಟ್ಟಿಗೆ ಸೇರಿದಾಗ ನಷ್ಟದ ವ್ಯವಹಾರ ಆಗಬಹುದು. ಒಂದು ಕಲ್ಪಿತ ಷೇರಿನ ಲೆಕ್ಕ ಬಿಡಿಸಿದರೆ ಇದು ನಿಚ್ಚಳವಾಗುತ್ತದೆ.

ನಿನ್ನೆಯ ಮುಕ್ತಾಯ 1,500 ರೂಪಾಯಿ, ಗರಿಷ್ಠ 1,519, ಎಟಿಆರ್ 30. ಷೇರು 1,518ಕ್ಕೆ ತೆರೆಯುತ್ತದೆ. ಗ್ಯಾಪ್ 18 ರೂಪಾಯಿ, ಎಟಿಆರ್‌ನ 0.6 ಪಾಲು, ನಿನ್ನೆಯ ಗರಿಷ್ಠದ ಒಳಗೇ ಇದೆ. ಕಂಪನಿಯ ಸುದ್ದಿ ಏನೂ ಇಲ್ಲ. ಮೊದಲ 15 ನಿಮಿಷದಲ್ಲಿ ಗರಿಷ್ಠ 1,523, ಕನಿಷ್ಠ 1,513. 9:40ಕ್ಕೆ ಮುಗಿದ ಕ್ಯಾಂಡಲ್ 1,511ರಲ್ಲಿ ಮುಕ್ತಾಯವಾಯಿತು. ಖಾತ್ರಿ ಸಿಕ್ಕಿತೆಂದು ಅಲ್ಲೇ ಮಾರಿದರೆ ಗುರಿ 1,500, ಅಂದರೆ ಸಿಗಬಹುದಾದ ಲಾಭ 11 ರೂಪಾಯಿ. ಸ್ಟಾಪ್‌ಲಾಸನ್ನು ದಿನದ ಗರಿಷ್ಠದ ಮೇಲೆ, ಎಟಿಆರ್‌ನ ಹತ್ತನೇ ಒಂದು ಪಾಲು ಅಂದರೆ 3 ರೂಪಾಯಿ ಬಿಟ್ಟು, 1,526ರಲ್ಲಿ ಇಡಬೇಕು. ಆಗ ನಷ್ಟದ ಸಾಧ್ಯತೆ 15 ರೂಪಾಯಿ. 11 ಗಳಿಸಲು 15 ಪಣಕ್ಕಿಟ್ಟವನು ನೂರಕ್ಕೆ 58 ಸಲ ಗೆದ್ದರೆ ಮಾತ್ರ, ಅದೂ ಖರ್ಚು ಬಿಟ್ಟು, ಅಸಲಿಗೆ ಬರುತ್ತಾನೆ. ನೋಡಲು ಎಲ್ಲ ಶರತ್ತುಗಳೂ ಕೂಡಿಬಂದ ಈ ವ್ಯವಹಾರ ಕೈಬಿಡಬೇಕಾದದ್ದು. ಗ್ಯಾಪ್ 18ರ ಬದಲು 10 ರೂಪಾಯಿ ಇದ್ದಿದ್ದರೆ ಖಾತ್ರಿ ಸಿಗುವಷ್ಟರಲ್ಲಿ ಗಳಿಸಲು ಏನೂ ಉಳಿಯುತ್ತಿರಲಿಲ್ಲ. ಎಟಿಆರ್‌ನ 0.4 ಎಂಬ ಕೆಳಗಿನ ಗಡಿ ಬಂದದ್ದು ಈ ಕಾರಣಕ್ಕೇ.

ಇದಕ್ಕೆ ದಾರಿ, ಬೆಲೆ ಮುರಿದ ಕೂಡಲೇ ಮಾರದೆ, ಅದು ಮತ್ತೊಮ್ಮೆ ಮೇಲೆದ್ದು ಸೋಲುವುದನ್ನು ಕಾಯುವುದು. ಅದೇ ಷೇರು 9:50ರ ಹೊತ್ತಿಗೆ ಏರಿ 1,515 ಮುಟ್ಟಿತು ಎನ್ನೋಣ. ವಿ-ವ್ಯಾಪ್ 1,516ರಲ್ಲಿದೆ. ಅದನ್ನು ದಾಟಲಾಗದೆ ತಿರುಗಿ, ಮುಂದಿನ ಕ್ಯಾಂಡಲ್ 1,512ರಲ್ಲಿ ಮುಕ್ತಾಯವಾಯಿತು. ಈಗ 1,512ಕ್ಕೆ ಮಾರಿದರೆ ಸ್ಟಾಪ್‌ಲಾಸ್ ದಿನದ ಗರಿಷ್ಠದ ಮೇಲೆ ಇರಬೇಕಾಗಿಲ್ಲ. ಸೋತ ಏರಿಕೆಯ ತುದಿ 1,515, ಅದರ ಮೇಲೆ 3 ರೂಪಾಯಿ, ಅಂದರೆ 1,518. ಅದು ವಿ-ವ್ಯಾಪ್‌ನ ಆಚೆಗೂ ಇದೆ, ಬೆಳಗಿನ ಆರಂಭ ಬೆಲೆಯೂ ಅದೇ. ಷೇರು ಮತ್ತೆ ಅಲ್ಲಿಗೆ ಏರಿತೆಂದರೆ ಬೆಲೆ ಹಿಂದಿರುಗುತ್ತಿದೆ ಎಂಬ ಲೆಕ್ಕವೇ ತಪ್ಪಾಯಿತು. ನಷ್ಟದ ಸಾಧ್ಯತೆ 6 ರೂಪಾಯಿ, ಲಾಭದ್ದು 12. ಮೂರರಲ್ಲಿ ಒಮ್ಮೆ ಗೆದ್ದರೂ ಖರ್ಚು ಬಿಟ್ಟು ಅಸಲು ಉಳಿಯುತ್ತದೆ. ಹೀಗೆ ಹತ್ತಿರದ ಸ್ಟಾಪ್‌ಲಾಸ್ ಹೆಚ್ಚು ಸಲ ಬಡಿದು ಹೋಗುತ್ತದೆ ಎಂಬುದೂ, ಕೆಲವೊಮ್ಮೆ ಷೇರು ಮೇಲೇಳದೆ ನೇರವಾಗಿ ಇಳಿದು ವ್ಯವಹಾರವೇ ಕೈತಪ್ಪುತ್ತದೆ ಎಂಬುದೂ ನಿಜ. ಕೈತಪ್ಪಿದ್ದರಿಂದ ಹಣ ಹೋಗುವುದಿಲ್ಲ. ಲಾಭದ ದೂರ ನಷ್ಟದ ದೂರದ ಒಂದೂವರೆ ಪಟ್ಟಾದರೂ ಇರದಿದ್ದರೆ ಬೇಡ ಎಂಬ ಒಂದೇ ಶರತ್ತು ಅಳತೆ, ಖಾತ್ರಿ, ಸ್ಟಾಪ್‌ಲಾಸ್ ಮೂರನ್ನೂ ಹಿಡಿದಿಡುತ್ತದೆ.

ಷೇರುಗಳ ಸಂಖ್ಯೆಯನ್ನು ಸ್ಟಾಪ್‌ಲಾಸ್ ದೂರವೇ ನಿರ್ಧರಿಸಬೇಕು. ಬಂಡವಾಳ 3 ಲಕ್ಷ, ಒಂದು ವ್ಯವಹಾರದಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು ಅದರ ಅರ್ಧ ಶೇಕಡಾ, ಅಂದರೆ 1,500 ರೂಪಾಯಿ. 6 ರೂಪಾಯಿಯಿಂದ ಭಾಗಿಸಿದರೆ 250 ಷೇರು. ಆದರೆ ಅವುಗಳ ಬೆಲೆ 3,78,000, ಬಂಡವಾಳವನ್ನೇ ಮೀರಿತು. ಬ್ರೋಕರ್ ಇಂಟ್ರಾಡೇಗೆ ಸಾಲದ ಅನುಕೂಲ ಕೊಡುತ್ತಾನೆಂದು ಅದನ್ನು ಬಳಸಬೇಕಾಗಿಲ್ಲ. 198 ಷೇರಿಗೆ ನಿಲ್ಲಿಸಿದರೆ ಸ್ಟಾಪ್‌ಲಾಸ್ ಬಡಿದಾಗ ಹೋಗುವುದು 1,188 ರೂಪಾಯಿ. ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ, ಸ್ಟಾಂಪ್ ಶುಲ್ಕ ಎಲ್ಲ ಸೇರಿ ಈ ಗಾತ್ರದ ವ್ಯವಹಾರಕ್ಕೆ ಕಡಿಮೆ ಶುಲ್ಕದ ಬ್ರೋಕರ್ ಬಳಿಯೂ ಹೆಚ್ಚುಕಡಿಮೆ 150 ರೂಪಾಯಿ ಆಗುತ್ತದೆ. ಸ್ಟಾಪ್‌ಲಾಸ್ ಆರ್ಡರ್ ಅರ್ಧ ರೂಪಾಯಿ ಕೆಟ್ಟ ಬೆಲೆಗೆ ಪೂರೈಕೆಯಾದರೆ ಇನ್ನು 99. ಒಟ್ಟು 1,437, ಮಿತಿಯೊಳಗೇ ಇದೆ. ಗೆದ್ದರೆ 2,376ರಲ್ಲಿ ಖರ್ಚು ಕಳೆದು 2,200ರಷ್ಟು ಕೈಗೆ ಬರುತ್ತದೆ. ಖರ್ಚು ಸಣ್ಣದೆಂದು ಕಡೆಗಣಿಸಿದವರ ಲೆಕ್ಕ ಬುಡಮೇಲಾಗುವುದು ಈ 150ರಿಂದಲೇ.

ಸ್ಟಾಪ್‌ಲಾಸ್ ಮನಸ್ಸಿನಲ್ಲಿದ್ದರೆ ಸಾಲದು, ಮಾರಿದ ಮರುಕ್ಷಣವೇ ಆರ್ಡರ್ ಆಗಿ ಎಕ್ಸ್‌ಚೇಂಜ್‌ನಲ್ಲಿ ಕೂತಿರಬೇಕು. ಅದರಲ್ಲಿ ಎರಡು ಬೆಲೆಗಳಿರುತ್ತವೆ: ಆರ್ಡರನ್ನು ಎಬ್ಬಿಸುವ ಟ್ರಿಗರ್, ಗರಿಷ್ಠ ಎಷ್ಟಕ್ಕೆ ಕೊಳ್ಳಬಹುದೆಂಬ ಲಿಮಿಟ್. ಟ್ರಿಗರ್ 1,518 ಇಟ್ಟು ಲಿಮಿಟನ್ನೂ 1,518 ಇಟ್ಟರೆ, ಬೆಲೆ ಒಮ್ಮೆಲೇ 1,519ಕ್ಕೆ ಹಾರಿದಾಗ ಆರ್ಡರ್ ಪೂರೈಕೆಯಾಗದೆ ಹಾಗೇ ಉಳಿಯುತ್ತದೆ, ನಷ್ಟ ಬೆಳೆಯುತ್ತ ಹೋಗುತ್ತದೆ. ಲಿಮಿಟ್ 1,521ರಷ್ಟಾದರೂ ಇರಬೇಕು. ಪ್ರೀ-ಓಪನ್ ಅವಧಿಯಲ್ಲಿ ಸ್ಟಾಪ್‌ಲಾಸ್ ಆರ್ಡರ್‌ಗೆ ಅವಕಾಶವೇ ಇಲ್ಲ ಎಂಬುದನ್ನೂ ನೆನಪಿಡಬೇಕು. 9:08ರ ಬೆಲೆಗೆ ಫೇಡ್ ಮಾಡಿದವನು 9:15ರವರೆಗೆ ರಕ್ಷಣೆಯಿಲ್ಲದೆ ಕೂತಿರುತ್ತಾನೆ. ಒಮ್ಮೆ ಇಟ್ಟ ಸ್ಟಾಪ್‌ಲಾಸನ್ನು ಲಾಭದ ಕಡೆಗೆ ಸರಿಸಬಹುದು, ನಷ್ಟದ ಕಡೆಗೆ ಎಂದೂ ಇಲ್ಲ.

ಹೊತ್ತಿಗೂ ಒಂದು ಸ್ಟಾಪ್‌ಲಾಸ್ ಇರಬೇಕು. ಮಧ್ಯಾಹ್ನ 12ರೊಳಗೆ ಬೆಲೆ ಗುರಿಯತ್ತ ಅರ್ಧ ದಾರಿಯೂ ಬರದಿದ್ದರೆ ಬೆಳಗಿನ ಅವಸರ ತಗ್ಗುವ ಲಾಭ ಇನ್ನು ಸಿಗುವ ಸಂಭವ ಕಡಿಮೆ. ಬಂದ ಬೆಲೆಗೆ ಹೊರಬರುವುದು ಮೇಲು. ಡೆಲಿವರಿಗೆ ಷೇರು ಇಲ್ಲದೆ ಶಾರ್ಟ್ ಮಾಡಿದವನು ಅದೇ ದಿನ ವಾಪಸು ಕೊಳ್ಳಲೇಬೇಕು. ತಪ್ಪಿದರೆ ಎಕ್ಸ್‌ಚೇಂಜ್ ಹರಾಜಿನಲ್ಲಿ ಷೇರು ಕೊಂಡು, ಆ ಬೆಲೆಯನ್ನು ಅವನ ತಲೆಗೆ ಕಟ್ಟುತ್ತದೆ. ಒಂದೇ ಷೇರಿನಲ್ಲಿ ಸ್ಟಾಪ್‌ಲಾಸ್ ಬಡಿದ ಮೇಲೆ ಅದೇ ದಿನ ಮತ್ತೆ ಶಾರ್ಟ್ ಮಾಡುವುದು ನಿಯಮದ ಹೆಸರಿನಲ್ಲಿ ಹಟ ಸಾಧಿಸಿದಂತೆ.

2022-23ರಲ್ಲಿ ನಗದು ಪೇಟೆಯಲ್ಲಿ ಇಂಟ್ರಾಡೇ ಮಾಡಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಅನುಭವಿಸಿದರೆಂದು ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಆದ್ದರಿಂದ ನಿಯಮಗಳನ್ನು ಹಣ ಹಾಕುವ ಮೊದಲು ಹಳೆಯ ಬೆಲೆಗಳ ಮೇಲೆ ಪರೀಕ್ಷಿಸುವುದು ಕಡ್ಡಾಯ. ದಿನದ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ಎಂಬ ನಾಲ್ಕು ಬೆಲೆಗಳಿಂದ ಮಾಡುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಮೇಲಿನ ಷೇರು ಆ ದಿನ 1,523ಕ್ಕೂ ಹೋಗಿತ್ತು, 1,500ಕ್ಕೂ ಬಂದಿತ್ತು ಎಂದು ದಿನದ ದತ್ತಾಂಶ ತೋರಿಸೀತು. ಯಾವುದು ಮೊದಲು ನಡೆಯಿತೆಂದು ಹೇಳದು, ಸ್ಟಾಪ್‌ಲಾಸ್ ಬಡಿದ ದಿನವನ್ನೂ ಗೆಲುವೆಂದು ಎಣಿಸುವಂತೆ ಮಾಡುತ್ತದೆ. ಒಂದು ನಿಮಿಷದ ದತ್ತಾಂಶ ಬೇಕು. ಆಗಲೂ ಒಂದೇ ನಿಮಿಷದೊಳಗೆ ಸ್ಟಾಪ್‌ಲಾಸ್ ಮತ್ತು ಗುರಿ ಎರಡೂ ಮುಟ್ಟಿದ್ದರೆ ಅದನ್ನು ನಷ್ಟದ ಲೆಕ್ಕಕ್ಕೇ ಹಾಕಬೇಕು. ಕಾರಣವಿರುವ ಗ್ಯಾಪ್ ಮತ್ತು ಕಾರಣವಿಲ್ಲದ ಗ್ಯಾಪ್‌ಗಳನ್ನು ಬೇರೆ ಬೇರೆ ಪಟ್ಟಿಯಲ್ಲಿ ಇಟ್ಟು, ಗ್ಯಾಪ್ ಅಪ್ ಮತ್ತು ಗ್ಯಾಪ್ ಡೌನ್‌ಗಳನ್ನೂ ಬೆರೆಸದೆ ಎಣಿಸಬೇಕು. ಭಯ ಮತ್ತು ಆಸೆ ಒಂದೇ ವೇಗದಲ್ಲಿ ಚಲಿಸುವುದಿಲ್ಲವಾದ್ದರಿಂದ, ಒಂದಕ್ಕೆ ಸರಿಹೊಂದಿದ ಎಟಿಆರ್ ಗಡಿ ಇನ್ನೊಂದಕ್ಕೆ ಹೊಂದದೆ ಹೋಗಬಹುದು.